ಹದಿನೈದು ವರ್ಷ ಒಂದೇ ಮನೆಯಲ್ಲಿದ್ದೂ ಕಾಣದ ಹಸಿವು

‘ನಿಮ್ಮ ಮದುವೆಯಲ್ಲಿ ಪುರೋಹಿತರು ಹೇಳಿದ ಮಂತ್ರದ ಅರ್ಥ ನಿಮಗೆಷ್ಟು ಜನಕ್ಕೆ ಗೊತ್ತು?’

ಮೇಷ್ಟ್ರು ಉಪನ್ಯಾಸ ಶುರು ಮಾಡಿದ್ದೇ ಹೀಗೆ. ಸಭೆಯಲ್ಲಿ ಸಣ್ಣ ನಗು. ಒಬ್ಬರೂ ಕೈ ಎತ್ತಲಿಲ್ಲ. ‘ಸರಿ ಬಿಡಿ, ಅವತ್ತು ಫೋಟೋಗ್ರಾಫರ್ ಹೇಳಿದ್ದಷ್ಟೇ ಕೇಳಿಸಿರುತ್ತೆ’ ಅಂತ ಅವರೂ ನಕ್ಕರು.

ಬೆಂಗಳೂರಿನ ಒಂದು ಬಡಾವಣೆಯ ದೇವಸ್ಥಾನದ ಹಾಲ್. ಭಾನುವಾರ ಸಂಜೆ. ವಿಷಯ: ‘ಕೂಡು ಕುಟುಂಬ ಮತ್ತು ಶಾಸ್ತ್ರ’. ಭಾಷಣಕಾರರು ನಿವೃತ್ತ ಸಂಸ್ಕೃತ ಅಧ್ಯಾಪಕರು. ಎದುರಿನ ಸಾಲಿನಲ್ಲಿ ಅತ್ತೆಯರು, ಹಿಂದಿನ ಸಾಲುಗಳಲ್ಲಿ ಸೊಸೆಯರು, ಬಾಗಿಲ ಹತ್ತಿರ ಮೊಬೈಲ್ ಹಿಡಿದ ಗಂಡಂದಿರು. ‘ಅಡ್ಜಸ್ಟ್ ಮಾಡ್ಕೊಂಡು ಹೋಗ್ಬೇಕಮ್ಮ’ ಅನ್ನುವ ಮಾತನ್ನೇ ಒಂದೂವರೆ ಗಂಟೆ ಎಳೆಯುತ್ತಾರೆ ಅಂದುಕೊಂಡು ಕೂತಿದ್ದೆ. ಹಾಗಾಗಲಿಲ್ಲ.

ಒಂದೇ ಪೀಠ, ಇಬ್ಬರು ಸಾಮ್ರಾಜ್ಞಿಯರು

ಋಗ್ವೇದದ ಹತ್ತನೇ ಮಂಡಲದ 85ನೇ ಸೂಕ್ತ ಸೂರ್ಯೆಯ ಮದುವೆಯದ್ದು. ಅನೇಕ ವೈದಿಕ ಮದುವೆಗಳಲ್ಲಿ ಇಂದಿಗೂ ಅದರ ಮಂತ್ರಗಳನ್ನು ಹೇಳುತ್ತಾರೆ. ಹೊಸದಾಗಿ ಮನೆಗೆ ಬರುವ ಹೆಣ್ಣಿಗೆ ಅಲ್ಲಿ ಒಂದು ಆಶೀರ್ವಾದ ಇದೆ. ಮಾವನಿಗೆ, ಅತ್ತೆಗೆ, ನಾದಿನಿಗೆ, ಮೈದುನರಿಗೆ ನೀನು ಸಾಮ್ರಾಜ್ಞಿಯಾಗು ಅನ್ನುವುದು ಅದರ ಭಾವ.

‘ಗಮನಿಸಿ, ಸೇವಕಿಯಾಗು ಅಂದಿಲ್ಲ. ಸಾಮ್ರಾಜ್ಞಿ ಅಂತ ಇದೆ’ ಎಂದರು ಮೇಷ್ಟ್ರು. ಹಿಂದಿನ ಸಾಲುಗಳಲ್ಲಿ ಒಂದಿಬ್ಬರು ಚಪ್ಪಾಳೆ ತಟ್ಟಿದರು.

‘ತಾಳಿ, ಇನ್ನೂ ಮುಗಿದಿಲ್ಲ. ಮೂವತ್ತು ವರ್ಷದ ಹಿಂದೆ ನಿಮ್ಮ ಅತ್ತೆಯ ಮದುವೆಯಲ್ಲೂ ಇದೇ ಮಂತ್ರ ಹೇಳಿದ್ದಾರೆ. ಆಕೆಗೂ ಇದೇ ಪೀಠ ಕೊಡ್ತೀವಿ ಅಂತ ಮಾತು ಕೊಟ್ಟಾಗಿದೆ. ಆಕೆ ತನ್ನ ಅತ್ತೆ ಇರೋವರೆಗೂ ಕಾದಿದ್ದಾಳೆ. ಪೀಠ ಸಿಕ್ಕಿತು ಅನ್ನೋ ಹೊತ್ತಿಗೆ ಮಗನ ಮದುವೆ ಆಯ್ತು, ಅದೇ ಮಂತ್ರ ಇನ್ನೊಬ್ಬಳಿಗೂ ಹೇಳಿದ್ರು. ಇಬ್ಬರೂ ಸುಳ್ಳು ಹೇಳ್ತಿಲ್ಲ. ಇಬ್ಬರ ಹತ್ತಿರವೂ ಅದೇ ಮನೆಯ ಪತ್ರ ಇದೆ.’

ಈ ಸಲ ಎರಡೂ ಕಡೆಯಿಂದ ಚಪ್ಪಾಳೆ ಬರಲಿಲ್ಲ. ಎಲ್ಲರೂ ಯೋಚನೆಗೆ ಬಿದ್ದಿದ್ದರು.

ಪ್ರವಚನಗಳಲ್ಲಿ ಬಿಟ್ಟುಹೋಗುವ ಅರ್ಧ

ಸೊಸೆ ಹೇಗಿರಬೇಕು ಅನ್ನುವುದಕ್ಕೆ ಬಹಳ ಜನ ಎತ್ತಿಕೊಳ್ಳುವ ಉದಾಹರಣೆ ಮಹಾಭಾರತದ ವನಪರ್ವದ ದ್ರೌಪದೀ ಸತ್ಯಭಾಮಾ ಸಂವಾದ. ಕೃಷ್ಣನ ಜತೆ ಕಾಡಿಗೆ ಬಂದ ಸತ್ಯಭಾಮೆ ಕೇಳುತ್ತಾಳೆ: ಐವರು ಗಂಡಂದಿರು ನಿನ್ನ ಮಾತು ಮೀರುವುದಿಲ್ಲವಲ್ಲ, ಇದಕ್ಕೆ ಯಾವ ಮಂತ್ರ, ಯಾವ ಮೂಲಿಕೆ? ದ್ರೌಪದಿಗೆ ಈ ಪ್ರಶ್ನೆಯೇ ಇಷ್ಟವಾಗುವುದಿಲ್ಲ. ಮದ್ದು ಹಾಕುವ ಹೆಂಡತಿಯನ್ನು ಕಂಡರೆ ಗಂಡ ಮನೆಯೊಳಗೆ ಹೊಕ್ಕ ಹಾವನ್ನು ಕಂಡಂತೆ ಹೆದರುತ್ತಾನೆ ಅನ್ನುತ್ತಾಳೆ. ಆಮೇಲೆ ತಾನು ಏನೇನು ಮಾಡುತ್ತಿದ್ದೆ ಅಂತ ಪಟ್ಟಿ ಕೊಡುತ್ತಾಳೆ.

ಆ ಪಟ್ಟಿಯಲ್ಲಿ ಕುಂತಿ ಬರುತ್ತಾಳೆ. ಅತ್ತೆಗೆ ಊಟ, ಬಟ್ಟೆ ತಾನೇ ನೋಡಿಕೊಳ್ಳುತ್ತಿದ್ದೆ, ಉಡುವುದರಲ್ಲಿ, ತೊಡುವುದರಲ್ಲಿ, ಉಣ್ಣುವುದರಲ್ಲಿ ಆಕೆಗಿಂತ ಹೆಚ್ಚಿನದನ್ನು ಬಳಸಲಿಲ್ಲ, ಆಕೆಯ ಬಗ್ಗೆ ಹಗುರವಾಗಿ ಮಾತಾಡಲಿಲ್ಲ ಅನ್ನುತ್ತಾಳೆ. ಸಾಮಾನ್ಯವಾಗಿ ಪ್ರವಚನಕಾರರು ಇಲ್ಲಿಗೆ ಪುಸ್ತಕ ಮುಚ್ಚಿ ‘ನೋಡಿ ಹೀಗಿರಬೇಕು’ ಅನ್ನುತ್ತಾರೆ.

ಮೇಷ್ಟ್ರು ಮುಚ್ಚಲಿಲ್ಲ. ಅದೇ ಮಾತಿನ ಮುಂದಿನ ಭಾಗದಲ್ಲಿ ದ್ರೌಪದಿ ಇನ್ನೊಂದು ವಿಷಯ ಹೇಳುತ್ತಾಳೆ. ಅರಮನೆಯ ದಾಸಿಯರ ಹೆಸರು ಅವಳಿಗೆ ಗೊತ್ತು, ಯಾರು ಉಂಡರು ಯಾರು ಉಣ್ಣಲಿಲ್ಲ ಗೊತ್ತು, ದನ ಕಾಯುವವರ ತನಕ ಲೆಕ್ಕ ಗೊತ್ತು. ಪಾಂಡವರ ಒಟ್ಟು ಆದಾಯ, ಒಟ್ಟು ಖರ್ಚು ತಿಳಿದಿದ್ದವಳು ತಾನೊಬ್ಬಳೇ ಅನ್ನುತ್ತಾಳೆ. ಬೊಕ್ಕಸ ಅವಳ ಕಣ್ಣಳತೆಯಲ್ಲಿತ್ತು.

‘ಸೇವೆಯ ಕಥೆ ಸೊಸೆಗೆ ಹೇಳ್ತೀವಿ. ಬೀಗದ ಕೈ ಕಥೆ ಹೇಳೋದೇ ಇಲ್ಲ’ ಎಂದರು. ‘ಅವಳು ಎಲ್ಲರಿಗಿಂತ ಮೊದಲು ಏಳ್ತಿದ್ಲು, ಎಲ್ಲರಿಗಿಂತ ಕೊನೆಗೆ ಮಲಗ್ತಿದ್ಲು ಅಂತಲೂ ಅಲ್ಲಿದೆ. ಅದನ್ನ ಇವತ್ತು ಆಫೀಸಿಗೆ ಹೋಗಿ ಬರೋ ಹುಡುಗಿ ಮಾಡಲಿ ಅಂತ ನಾನು ಹೇಳಲ್ಲ. ಅರಮನೇಲಿ ಅವಳ ಕೈಕೆಳಗೆ ಆಳುಗಳಿದ್ರು. ನಮ್ಮನೆಗಳಲ್ಲಿ ಬೆಳಗ್ಗೆ ಎಂಟಕ್ಕೆ ಬರೋ ಕೆಲಸದವರು ಒಂದು ದಿನ ಬರದಿದ್ರೆ ಇಡೀ ಮನೆ ನಿಂತುಹೋಗುತ್ತೆ.’

ಕುಮಾರವ್ಯಾಸ ಹೇಳದೆ ಬಿಟ್ಟ ಮನೆ

ಉಪನ್ಯಾಸದ ಮುಖ್ಯ ಭಾಗ ಬಂದದ್ದು ಇದಾದ ಮೇಲೆ. ಕನ್ನಡಿಗರಿಗೆ ಭಾರತ ಅಂದರೆ ಕುಮಾರವ್ಯಾಸ. ಅವನು ಬರೆದದ್ದು ಗದಾಪರ್ವದವರೆಗೆ, ಹತ್ತು ಪರ್ವ. ಉಳಿದದ್ದನ್ನು ಆಮೇಲೆ ತಿಮ್ಮಣ್ಣ ಕವಿ ಬರೆದ. ಗಮಕ ಕೇಳಿ ಬೆಳೆದ ನಮಗೆ ದುರ್ಯೋಧನನ ತೊಡೆ ಮುರಿದಲ್ಲಿಗೆ ಕಥೆ ಮುಗಿದ ಹಾಗೆ. ಯುದ್ಧ ಗೆದ್ದ ಮೇಲೆ ಆ ಮನೆಯಲ್ಲಿ ಜನ ಹೇಗೆ ಬದುಕಿದರು ಅನ್ನುವುದು ನಮ್ಮ ಕಿವಿಗೆ ಬಿದ್ದದ್ದೇ ಕಡಿಮೆ. ಅದು ಇರುವುದು ಆಶ್ರಮವಾಸಿಕ ಪರ್ವದಲ್ಲಿ.

ಮನೆಯ ಚಿತ್ರ ಹೀಗಿದೆ. ಮಕ್ಕಳನ್ನೆಲ್ಲ ಕಳೆದುಕೊಂಡ ಮುದುಕ ಧೃತರಾಷ್ಟ್ರ, ಅವನ ಹೆಂಡತಿ ಗಾಂಧಾರಿ. ಆ ಮಕ್ಕಳನ್ನು ಕೊಂದವರ ಆಶ್ರಯದಲ್ಲೇ ಇಬ್ಬರ ಬದುಕು. ಓರಗಿತ್ತಿ ಗಾಂಧಾರಿಯನ್ನು ಕುಂತಿ ತನ್ನ ಅತ್ತೆಯಂತೆ ನೋಡಿಕೊಳ್ಳುತ್ತಾಳೆ. ದ್ರೌಪದಿ, ಸುಭದ್ರೆ ಇಬ್ಬರು ಹಿರಿಯರಿಗೂ ಭೇದವಿಲ್ಲದೆ ಸೇವೆ ಮಾಡುತ್ತಾರೆ. ಧರ್ಮರಾಯನ ಕಟ್ಟಪ್ಪಣೆ ಬೇರೆ ಇದೆ: ದೊಡ್ಡಪ್ಪನ ಮನಸ್ಸಿಗೆ ನೋವು ಮಾಡುವವನು ನನ್ನ ಶತ್ರು. ಆ ಭಯಕ್ಕೆ ದುರ್ಯೋಧನ ಮಾಡಿದ ಕೆಡುಕನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ.

‘ಹೊರಗಿನವರು ನೋಡಿದ್ರೆ ಆದರ್ಶ ಕುಟುಂಬ. ಆದ್ರೆ ಶಾಂತಿ ಎಲ್ಲಿಂದ ಬಂತು ನೋಡಿ’ ಎಂದು ನಿಲ್ಲಿಸಿದರು ಮೇಷ್ಟ್ರು. ‘ಮಾತಾಡಿ ಬಂದದ್ದಲ್ಲ. ಮಾತಾಡಬೇಡಿ ಅಂದಿದ್ದಕ್ಕೆ ಬಂದದ್ದು.’

ಭೀಮನ ಸಿಟ್ಟು ಸುಳ್ಳಲ್ಲ. ಚಿಕ್ಕಂದಿನಲ್ಲಿ ಅವನಿಗೆ ವಿಷ ಹಾಕಿದ್ದರು. ಅವನ ಹೆಂಡತಿಯನ್ನು ಸಭೆಗೆ ಎಳೆದು ತಂದಿದ್ದರು. ಯುದ್ಧ ಮುಗಿದ ಮೇಲೆ ಇದೇ ಮುದುಕ ಅವನನ್ನು ಅಪ್ಪಿ ಸಾಯಿಸಲು ಹೋಗಿ ಕಬ್ಬಿಣದ ಗೊಂಬೆಯನ್ನು ಪುಡಿ ಮಾಡಿದ್ದ. ಇಷ್ಟನ್ನೂ ನುಂಗಿಕೋ ಅಂತ ಅಣ್ಣನ ಆಜ್ಞೆ. ನುಂಗಿದ್ದು ಎಲ್ಲಿಗೆ ಹೋಗಬೇಕು? ಅಡ್ಡದಾರಿಯಲ್ಲಿ ಹೊರಗೆ ಬಂತು. ಧೃತರಾಷ್ಟ್ರ ಹೇಳಿದ ಕೆಲಸವನ್ನು ಆಳುಗಳ ಕೈಲಿ ಗುಟ್ಟಾಗಿ ತಪ್ಪಿಸುತ್ತಿದ್ದ. ಗೆಳೆಯರ ನಡುವೆ ಕೂತು ತೋಳು ತಟ್ಟಿಕೊಂಡು, ಈ ತೋಳುಗಳೇ ಆ ಕುರುಡನ ಮಕ್ಕಳನ್ನು ಮುಗಿಸಿದ್ದು ಅನ್ನುತ್ತಿದ್ದ. ಹೇಳುತ್ತಿದ್ದದ್ದು ಗೆಳೆಯರಿಗೆ, ಕೇಳಬೇಕಾಗಿದ್ದದ್ದು ಧೃತರಾಷ್ಟ್ರ ಗಾಂಧಾರಿಯರಿಗೆ.

ಹದಿನೈದು ವರ್ಷ ಕಳೆಯುತ್ತದೆ. ಒಂದು ದಿನ ಧೃತರಾಷ್ಟ್ರ ಕಾಡಿಗೆ ಹೋಗುತ್ತೇನೆ, ಅಪ್ಪಣೆ ಕೊಡು ಅನ್ನುತ್ತಾನೆ. ಆಗ ವಿಷಯ ಹೊರಗೆ ಬೀಳುತ್ತದೆ. ಅವನು ಎರಡು ದಿನಕ್ಕೊಮ್ಮೆ, ಕೆಲವು ಸಲ ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ತಿನ್ನುತ್ತಿದ್ದ. ನೆಲದ ಮೇಲೆ ದರ್ಭೆ ಹಾಸಿಕೊಂಡು ಮಲಗುತ್ತಿದ್ದ. ಗಾಂಧಾರಿಗೆ ಮಾತ್ರ ಗೊತ್ತಿತ್ತು. ಧರ್ಮರಾಯ, ಕುಂತಿ, ದ್ರೌಪದಿ ಯಾರಿಗೂ ಭೀಮನ ಮಾತೂ ಗೊತ್ತಿಲ್ಲ, ಈ ಉಪವಾಸವೂ ಗೊತ್ತಿಲ್ಲ. ಕೇಳಿದ ಧರ್ಮರಾಯ ಕುಸಿದುಹೋಗುತ್ತಾನೆ. ನನ್ನ ಮನೆಯಲ್ಲೇ ನೀನು ಹಸಿದು ನೆಲದ ಮೇಲೆ ಮಲಗಿದ್ದು ನನಗೆ ತಿಳಿಯಲಿಲ್ಲವಲ್ಲ, ನನಗೆ ಧಿಕ್ಕಾರ ಅನ್ನುತ್ತಾನೆ.

ಹೊರಡುವ ಮುನ್ನ ಇನ್ನೊಂದು ಪ್ರಸಂಗ ಇದೆ. ಸತ್ತ ಮಕ್ಕಳ, ಭೀಷ್ಮಾದಿಗಳ ಶ್ರಾದ್ಧಕ್ಕೆ ಧೃತರಾಷ್ಟ್ರ ಹಣ ಕೇಳಿ ಕಳಿಸುತ್ತಾನೆ. ಭೀಮ ಒಪ್ಪುವುದಿಲ್ಲ. ಅರ್ಜುನ ಸಮಾಧಾನ ಮಾಡುತ್ತಾನೆ. ಧರ್ಮರಾಯ ತನ್ನ ಸ್ವಂತ ಬೊಕ್ಕಸದಿಂದ ಕೊಡುತ್ತೇನೆ ಅನ್ನುತ್ತಾನೆ. ಜತೆಗೆ ವಿದುರನ ಕೈಲಿ ಒಂದು ಮಾತು ಹೇಳಿ ಕಳಿಸುತ್ತಾನೆ: ಭೀಮ ಕಾಡಿನಲ್ಲಿ ಚಳಿ, ಮಳೆ, ಬಿಸಿಲಲ್ಲಿ ಬಹಳ ನೊಂದವನು, ಅವನ ಮೇಲೆ ಕೋಪ ಬೇಡ.

‘ಇದನ್ನ ಅವನು ಹದಿನೈದು ವರ್ಷ ಮುಂಚೆ ಹೇಳಬೇಕಿತ್ತು’ ಎಂದರು ಮೇಷ್ಟ್ರು. ‘ಒಬ್ಬರಿಗೆ ಕೊಡಬೇಕಾದ್ದು ಕೊಟ್ಟ, ಇನ್ನೊಬ್ಬರ ನೋವನ್ನೂ ಹೆಸರು ಹಿಡಿದು ಹೇಳಿದ. ಮನೆ ಉಳಿಯೋಕೆ ಈ ಎರಡೂ ಒಟ್ಟಿಗೆ ಬೇಕು.’

‘ಸಾರ್, ನಮ್ಮನೇಲಿ ಭೀಮ ನಾನೇ’

ಪ್ರಶ್ನೋತ್ತರದ ಹೊತ್ತು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬರು ಎದ್ದರು. ಕಂಪನಿ ಕೆಲಸ, ಎರಡು ಬೆಡ್‌ರೂಮಿನ ಫ್ಲಾಟ್, ಗಂಡ, ಎರಡೂವರೆ ವರ್ಷದ ಮಗ. ಮಾವ ತೀರಿಕೊಂಡ ಮೇಲೆ ಅತ್ತೆ ಹಾಸನದ ಕಡೆಯ ಊರಿಂದ ಬಂದು ಮೂರು ವರ್ಷ. ಮೊದಲ ವಾರವೇ ಗಂಡ ಇಬ್ಬರನ್ನೂ ಕೂರಿಸಿ ‘ಒಬ್ಬರ ಮೇಲೊಬ್ಬರು ನನ್ನ ಹತ್ರ ಹೇಳಬೇಡಿ, ನನಗೆ ಜಗಳ ಆಗಲ್ಲ’ ಅಂದಿದ್ದರಂತೆ. ಮೂರು ವರ್ಷದಲ್ಲಿ ಒಂದು ದಿನವೂ ಜಗಳ ಆಗಿಲ್ಲ. ಪಕ್ಕದ ಮನೆಯವರು ಹೊಗಳುತ್ತಾರೆ.

‘ಮಗೂ ನಾಮಕರಣದ ದಿನ ಅತ್ತೆ ನಲವತ್ತು ಜನದ ಮುಂದೆ ಒಂದು ಮಾತಂದ್ರು ಸಾರ್. ಆಪರೇಷನ್ ಮಾಡಿಸ್ಕೊಂಡಳು, ನೋವೇ ತಿನ್ನದೆ ತಾಯಿ ಆದಳು ಅಂತ. ಅದು ನನ್ನೆದೇಲಿ ಹಂಗೇ ಕೂತಿದೆ. ಯಾರ ಹತ್ರ ಹೇಳ್ಕೊಳ್ಳಿ? ಇವರ ಹತ್ರ ಹೇಳೋ ಹಂಗಿಲ್ಲ. ದಿನಾ ರಾತ್ರಿ ಅಡುಗೆ ಮಾಡ್ತಾ ಅಕ್ಕನಿಗೆ ಫೋನ್ ಮಾಡ್ತೀನಿ. ನಮ್ಮನೇಲಿ ಇಬ್ಬರು ಮಕ್ಕಳು ಕಣೇ, ಒಂದು ಎರಡೂವರೆ ವರ್ಷದ್ದು, ಇನ್ನೊಂದು ಅರವತ್ತಾರರದ್ದು ಅಂತೀನಿ. ಕೇಳಲಿ ಅಂತಲೇ ಸ್ವಲ್ಪ ಜೋರಾಗಿ ಅಂತೀನಿ.’

ಕೆಲವು ತಿಂಗಳಿಂದ ಅತ್ತೆ ಒಪ್ಪತ್ತು ಶುರು ಮಾಡಿದ್ದರು. ಮೊದಲು ಶನಿವಾರ, ಆಮೇಲೆ ಸೋಮವಾರ, ಆಮೇಲೆ ಗುರುವಾರ, ನಡುವೆ ಏಕಾದಶಿ. ಭಕ್ತಿ ಜಾಸ್ತಿ ಆಗಿದೆ ಅಂತ ಮನೆಯವರು ಅಂದುಕೊಂಡರು. ಮಗುವಿಗೆ ಜಾಗ ಸಾಲದು ಅಂತ ಮಂಚ ಬಿಟ್ಟು ಹಾಲ್‌ನಲ್ಲಿ ಚಾಪೆ ಹಾಸಿಕೊಂಡರು. ಕಳೆದ ತಿಂಗಳು ಒಂದು ಬೆಳಗ್ಗೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು. ರಾತ್ರಿ ಊಟ ಬಿಟ್ಟು ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ನುಂಗಿದ್ದರಿಂದ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ‘ರಾತ್ರಿ ಊಟ ಸರಿಯಾಗಿ ಮಾಡ್ತಾರಾ?’ ಅಂತ ಡಾಕ್ಟರ್ ಕೇಳಿದಾಗ ಗಂಡ ‘ಮಾಡ್ತಾರೆ’ ಅಂದರು. ಅವರು ಮನೆಗೆ ಬರುವುದೇ ಒಂಬತ್ತೂವರೆಗೆ.

‘ಭೀಮನಿಗೆ ಯಾರಾದ್ರೂ ಏನು ಹೇಳಬೇಕಿತ್ತು ಸಾರ್?’ ಎಂದು ಕೇಳಿ ಅವರು ಕೂತರು. ಹಾಲ್‌ನಲ್ಲಿ ಫ್ಯಾನಿನ ಸದ್ದು ಮಾತ್ರ.

ಮೇಷ್ಟ್ರು ಉಪದೇಶ ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿದರು. ‘ನಿಮ್ಮ ಮಾವನವರ ತಿಥಿಯ ಖರ್ಚು ಯಾರು ಕೊಡ್ತಾರಮ್ಮ?’

‘ಅತ್ತೆ ಇವರನ್ನ ಕೇಳ್ತಾರೆ. ಇವರು ನನ್ನನ್ನ ಕೇಳ್ತಾರೆ. ಹೋದ ವರ್ಷ ಇಪ್ಪತ್ತು ಜನ ಯಾಕೆ, ಹತ್ತು ಜನ ಸಾಕು ಅಂದೆ...’ ಮಾತು ಅಲ್ಲೇ ನಿಂತಿತು. ಉತ್ತರ ಅವರಿಗೇ ಹೊಳೆದಿತ್ತು.

ತಟ್ಟೆ, ಹಾಸಿಗೆ, ದುಡ್ಡು

ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮೂರು ಕಡೆ ಕಾಣಿಸುತ್ತದೆ ಅಂದರು ಮೇಷ್ಟ್ರು. ತಟ್ಟೆಯಲ್ಲಿ ಊಟ ಕಡಿಮೆಯಾಗುತ್ತದೆ, ಅದಕ್ಕೊಂದು ವ್ರತದ ಹೆಸರು ಸಿಗುತ್ತದೆ. ಮಲಗುವ ಜಾಗ ಬದಲಾಗುತ್ತದೆ, ಅದಕ್ಕೊಂದು ನೆಪ ಸಿಗುತ್ತದೆ. ದುಡ್ಡು ಕೇಳುವುದು ನಿಲ್ಲುತ್ತದೆ, ಇಲ್ಲವೇ ಕೇಳುವಾಗ ದನಿ ತಗ್ಗುತ್ತದೆ. ಎಲ್ಲ ವ್ರತವೂ ಮುನಿಸಲ್ಲ. ಮೊದಲಿಂದ ನಡೆದುಬಂದ ಶನಿವಾರದ ಒಪ್ಪತ್ತು ಬರೀ ವ್ರತವೇ ಇರಬಹುದು. ಒಂದಾದ ಮೇಲೊಂದು ವಾರ ಸೇರುತ್ತಾ ಹೋದರೆ, ಮೂರರಲ್ಲಿ ಎರಡು ಒಟ್ಟಿಗೆ ಕಂಡರೆ, ಕೂತು ಕೇಳಬೇಕು.

ಆ ಹೆಣ್ಣುಮಗಳಿಗೆ ಅವರು ಹೇಳಿದ್ದು ಮೂರೇ ಮಾತು.

ಮೊದಲನೆಯದು ಗಂಡನಿಗೆ. ‘ನನಗೆ ಹೇಳಬೇಡಿ’ ಅನ್ನುವ ಆಜ್ಞೆಯನ್ನು ವಾಪಸ್ ತಗೋಬೇಕು. ತಾಯಿಯ ಹತ್ತಿರ ಬೇರೆಯಾಗಿ, ಹೆಂಡತಿಯ ಹತ್ತಿರ ಬೇರೆಯಾಗಿ ಕೂರಬೇಕು. ಇಲ್ಲಿ ಕೇಳಿದ್ದನ್ನು ಅಲ್ಲಿಗೆ ಸಾಗಿಸಬಾರದು. ‘ಅಮ್ಮ ಹಿಂಗಂದ್ರು’ ಅಂತ ಶುರುವಾದರೆ ಆ ಮಾತು ಅಲ್ಲಿಗೇ ಕೆಟ್ಟಿತು.

ಎರಡನೆಯದು ಸೊಸೆಗೆ. ‘ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿ’ ಅನ್ನಬಾರದು. ಮಾಡಿದ್ದನ್ನೇ ಹೇಳಬೇಕು: ಫೋನಿನಲ್ಲಿ ನಿಮಗೆ ಕೇಳಲಿ ಅಂತಲೇ ಆಡಿದೆ, ತಪ್ಪಾಯಿತು. ಆಮೇಲೆ ತನ್ನ ಗಾಯವನ್ನೂ ಅಷ್ಟೇ ನೇರವಾಗಿ ಹೇಳಬೇಕು. ‘ಆದ್ರೆ ಅವರೂ ಕ್ಷಮೆ ಕೇಳ್ತಾರೆ ಅಂತ ಕಾಯಬೇಡಿ. ಕೇಳದೇನೂ ಇರಬಹುದು.’

ಮೂರನೆಯದು ದುಡ್ಡು. ತಿಂಗಳ ಮೊದಲ ವಾರ ಅತ್ತೆಯ ಬ್ಯಾಂಕ್ ಖಾತೆಗೆ ಒಂದು ಮೊತ್ತ ಹೋಗಬೇಕು. ಎಷ್ಟು ಅನ್ನುವುದು ನಿಮ್ಮ ಶಕ್ತಿ. ಕೇಳಿಸಿಕೊಂಡು ಕೊಡಬಾರದು, ಲೆಕ್ಕ ಕೇಳಬಾರದು. ‘ತಿಥಿಗೆ ಎಷ್ಟು ಜನ ಅನ್ನೋದನ್ನ ಆಕೆ ತೀರ್ಮಾನ ಮಾಡಲಿ. ಗಂಡ ಅವರದ್ದಲ್ಲವೇ?’

ಶಾಸ್ತ್ರ ಎಲ್ಲಿ ನಿಲ್ಲುತ್ತದೆ

ಹಿಂದಿನ ಸಾಲಿನಿಂದ ಇನ್ನೊಂದು ದನಿ: ‘ಹೊಡೆಯೋ ಮನೆಗೂ ಇದೇ ಹೇಳ್ತೀರಾ ಸಾರ್?’

‘ಇಲ್ಲಮ್ಮ’ ಅಂದರು, ತಡವಿಲ್ಲದೆ. ಮಾತಿನ ಗಾಯಕ್ಕೆ ಮಾತಿನ ಮದ್ದು. ಕೈ ಎತ್ತುವ, ಹಣಕ್ಕೆ ಪೀಡಿಸುವ, ಊಟ ಔಷಧಿ ತಪ್ಪಿಸುವ ಮನೆಗೆ ಕಾನೂನು ಬೇಕು. ಹೆಣ್ಣುಮಕ್ಕಳಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, 181 ಸಹಾಯವಾಣಿ ಇದೆ. ಹಿರಿಯರಿಗೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ, 14567 ಇದೆ. ‘ದ್ರೌಪದಿ ಸಭೆಯಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಲಿಲ್ಲ. ಎಲ್ಲ ಹಿರಿಯರ ಎದುರು ನಿಂತು ಪ್ರಶ್ನೆ ಕೇಳಿದ್ಲು. ಅದೂ ಶಾಸ್ತ್ರವೇ.’

ಎರಡು ತಿಂಗಳ ಮೇಲೆ

ಆ ಹೆಣ್ಣುಮಗಳ ನಂಬರ್ ತಗೊಂಡಿದ್ದೆ. ಎರಡು ತಿಂಗಳು ಬಿಟ್ಟು ಫೋನ್ ಮಾಡಿದೆ.

ಗಂಡ ಒಂದು ಭಾನುವಾರ ಅಮ್ಮನ ಜತೆ ಒಬ್ಬರೇ ಪಾರ್ಕಿಗೆ ಹೋಗಿದ್ದರಂತೆ. ಏನು ಮಾತಾಡಿದರೋ ಇವರು ಕೇಳಿಲ್ಲ. ಆಮೇಲೆ ಇವರು ಅಡುಗೆಮನೆಯಲ್ಲಿ ಫೋನಿನ ವಿಷಯ ಹೇಳಿ ತಪ್ಪಾಯ್ತು ಅಂದರು. ಅತ್ತೆ ಸೊಪ್ಪು ಬಿಡಿಸುತ್ತಾ ಸುಮ್ಮನೆ ಕೇಳಿಸಿಕೊಂಡರು. ನಾಮಕರಣದ ಮಾತು ಎತ್ತಿದಾಗ ಮಾತ್ರ ಕೈ ನಿಂತಿತು.

‘ನಾನು ಹಂಗಂದೆನಾ? ನಂಗೆ ನೆನಪೇ ಇಲ್ಲವಲ್ಲೇ...’ ಅಂದು, ಸ್ವಲ್ಪ ಹೊತ್ತಾದ ಮೇಲೆ, ‘ನಿಮ್ಮ ಯಜಮಾನ್ರು ಹುಟ್ಟಿದಾಗ ನಮ್ಮತ್ತೆ ನಂಗೂ ಹಿಂಗೇ ಅಂದಿದ್ರು. ಮೂರು ದಿನ ನರಳಿ ಹೆತ್ತಿದ್ದೆ. ಆದ್ರೂ ಇದೇನು ಮಹಾ ನೋವು ಅಂದ್ರು’ ಎಂದರಂತೆ.

ಕ್ಷಮೆ ಕೇಳಲಿಲ್ಲ. ‘ಆದ್ರೆ ಅದಾದ ಮೇಲೆ ನನಗೆ ಆ ಮಾತು ಅಷ್ಟು ಚುಚ್ಚೋದಿಲ್ಲ’ ಅಂದರು ಸೊಸೆ.

ತಿಂಗಳಿಗೆ ನಾಲ್ಕು ಸಾವಿರ ಅತ್ತೆಯ ಖಾತೆಗೆ ಹೋಗುತ್ತಿದೆ. ಮೊದಲ ತಿಂಗಳು ಅವರು ಮೊಮ್ಮಗನಿಗೆ ಒಂದು ಮೂರು ಗಾಲಿ ಸೈಕಲ್ ತಂದರು. ತಿಥಿಗೆ ಇಪ್ಪತ್ತಲ್ಲ, ಹನ್ನೆರಡೇ ಜನರನ್ನು ಕರೆದರು, ತಾವೇ ಲೆಕ್ಕ ಹಾಕಿ. ಒಪ್ಪತ್ತು ಈಗ ಶನಿವಾರ ಮಾತ್ರ, ಅವತ್ತಿನ ಮಾತ್ರೆ ಹೇಗೆ ಅಂತ ಡಾಕ್ಟರನ್ನು ಕೇಳಿಕೊಂಡಿದ್ದಾರೆ. ಎಲ್ಲ ಸರಿಹೋಯಿತು ಅಂತಲ್ಲ. ಮಗುವಿಗೆ ಮೊಬೈಲ್ ತೋರಿಸಿ ಉಣಿಸುವ ವಿಷಯಕ್ಕೆ ಹೋದ ವಾರ ಇಬ್ಬರಿಗೂ ಜೋರು ಮಾತಾಗಿದೆ. ‘ಮೊದಲನೇ ಸಲ ಎದುರೆದುರು ಜಗಳ ಆಡಿದ್ವಿ’ ಅಂತ ನಕ್ಕರು.

ನವರಾತ್ರಿ ಕಳೆದ ಮೇಲೆ ಅತ್ತೆ ಮೂರು ತಿಂಗಳು ಊರಿಗೆ ಹೋಗುತ್ತಾರಂತೆ. ಅದನ್ನು ಕೇಳಿ ನನಗೆ ಮೇಷ್ಟ್ರು ಕೊನೆಗೆ ಹೇಳಿದ್ದ ಕುಂತಿ ನೆನಪಾದಳು. ಧೃತರಾಷ್ಟ್ರ, ಗಾಂಧಾರಿ ಕಾಡಿಗೆ ಹೊರಟಾಗ ಕುಂತಿಯೂ ಅವರ ಜತೆ ಹೊರಟುಬಿಟ್ಟಳು. ಮಕ್ಕಳು ಅತ್ತರು, ದ್ರೌಪದಿ ಸುಭದ್ರೆಯರು ಅಳುತ್ತಾ ಹಿಂದೆ ಬಂದರು. ಅವಳು ತಿರುಗಲಿಲ್ಲ. ಒಬ್ಬ ಹಿರಿಯ ಆ ಮನೆ ಬಿಟ್ಟದ್ದು ನೊಂದು. ಇನ್ನೊಬ್ಬಳು ಬಿಟ್ಟದ್ದು ತಾನಾಗಿ ತೀರ್ಮಾನಿಸಿ. ಹೊಸಿಲು ಒಂದೇ, ದಾಟಿದ ಬಗೆ ಬೇರೆ.

‘ನಿಮ್ಮತ್ತೆ ಮುನಿಸಿಕೊಂಡು ಹೋಗ್ತಿಲ್ಲ ಅಂತ ಹೇಗೆ ಗೊತ್ತು?’ ಅಂತ ಕೇಳಿಯೇಬಿಟ್ಟೆ.

‘ವಾಪಸ್ ಬರೋ ಟಿಕೆಟ್ಟೂ ಈಗಲೇ ಬುಕ್ ಮಾಡು ಅಂದಿದಾರೆ’ ಎಂದರು. ‘ಮಂಚಕ್ಕೆ ಹೊಸ ಹಾಸಿಗೆ ತರಿಸಿಡು ಅಂತಾನೂ.’